ಹುಲಿಗಿ ಈಗ ಡಾಕ್ಟರ್ ಹುಲಿಗೆಮ್ಮ

ಫ್ಲೆಕ್ಸ್ ಬೇಡ ಅಂದಳು. ಹಾರ, ಶಾಲು, ಹಲಿಗೆ ಮೇಳ ಅಂತೂ ಬೇಡವೇ ಬೇಡ ಅಂದಳು. "ಬರಿಯೋದಾದ್ರ ನಾಕು ಸಾಲು ಬರಿ. ಆದ್ರ ಸುಳ್ಳು ಬರೀಬ್ಯಾಡ" ಅಂದಳು. ನಾಲ್ಕು ಸಾಲಿಗೆ ನಿಲ್ಲಿಸುವುದು ನನ್ನಿಂದ ಆಗುವುದಿಲ್ಲ. ಸುಳ್ಳು ಬರೀಬೇಡ ಅಂದ ಮಾತು ಮಾತ್ರ ನಡೆಸಿಕೊಡುತ್ತೇನೆ.

ವಿಷಯ ಇಷ್ಟು. ಕಾರಟಗಿ ಕಡೆಯ ನಮ್ಮೂರಿನ ಹುಡುಗಿ, ನನ್ನ ಹಾಸ್ಟೆಲ್ ಗೆಳತಿ ಹುಲಿಗೆಮ್ಮ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದ್ದಾಳೆ. ಮೊನ್ನೆ ಘಟಿಕೋತ್ಸವದಲ್ಲಿ ಪದವಿ ತಗೊಂಡು ಬಂದಳು. ವಿಷಯ ಮಣ್ಣು. ಸರಿಯಾಗಿ ಹೇಳಬೇಕೆಂದರೆ ನಮ್ಮ ಎಡದಂಡೆ ಕಾಲುವೆಯ ಸವಳು ಮಣ್ಣು.

ಮೊದಲು ಒಂದು ತಿದ್ದುಪಡಿ. ಓಣಿಯ ಹುಡುಗರು ಅವಳಿಗೆ ಗೊತ್ತಿಲ್ಲದಂತೆ ಫ್ಲೆಕ್ಸ್ ಡಿಸೈನ್ ಮಾಡಿಸಿದ್ದರು. ಅದರಲ್ಲಿ 'ಊರಿನ ಪ್ರಥಮ ಡಾಕ್ಟರೇಟ್' ಎಂದಿತ್ತು. ಅದು ನಿಜ ಅಲ್ಲ. ನಮ್ಮ ಕನ್ನಡ ಮೇಷ್ಟ್ರ ಮಗ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಜಾನಪದದ ಮೇಲೆ ಪಿಎಚ್‌ಡಿ ಮಾಡಿ ಎಷ್ಟೋ ವರ್ಷವಾಯಿತು. ಆಗ ಊರಲ್ಲಿ ಯಾರೂ ಒಂದು ಚಹಾ ಕೂಡ ಕುಡಿಸಲಿಲ್ಲ. ಇದನ್ನು ನನಗೆ ನೆನಪಿಸಿದವಳೂ ಹುಲಿಗೆಮ್ಮನೇ. ಅಣ್ಣಾರೇ, ತಡವಾಯಿತು, ನಿಮಗೂ ಇಲ್ಲಿಂದಲೇ ಅಭಿನಂದನೆ.

ಈಗ ನನ್ನ ಗೆಳತಿಯ ವಿಷಯಕ್ಕೆ ಬರುತ್ತೇನೆ.

ಪಿಯುಸಿ ಆದ ಮೇಲೆ ನಾವಿಬ್ಬರೂ ರೈತರ ಮಕ್ಕಳ ಕೋಟಾಕ್ಕೆ ಅರ್ಜಿ ಹಾಕಿದ್ದೆವು. ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ. ಮೇಜಿನ ಮೇಲೆ ಬೀಜ, ಗೊಬ್ಬರ, ಹೊಲದ ಸಾಮಾನು ಇಟ್ಟಿರುತ್ತಾರೆ, ಗುರುತಿಸಬೇಕು. ಹುಲಿಗಿ ಸರಸರ ಬರೆದು ಎದ್ದು ಬಂದಳು. ನಾನು ನವಣೆ ನೋಡಿ ಸಾವೆ ಅಂತ ಬರೆದೆ. ಹೊಲ ನಮಗೂ ಇತ್ತು, ಆದರೆ ನಾನು ಹೊಲಕ್ಕೆ ಹೋಗುತ್ತಿದ್ದದ್ದು ಬುತ್ತಿ ಕೊಡಲಿಕ್ಕೆ. ಅವಳು ಹೋಗುತ್ತಿದ್ದದ್ದು ಅವ್ವನ ಜೊತೆ ನಾಟಿ ಹಚ್ಚಲಿಕ್ಕೆ. ಅವಳಿಗೆ ಸೀಟು ಸಿಕ್ಕಿತು, ನಾನು ಮೇಷ್ಟ್ರಮ್ಮ ಆದೆ. ಆಗ ಹೊಟ್ಟೆಕಿಚ್ಚು ಆಗಿತ್ತಾ ಅಂದರೆ, ಆಗಿತ್ತು. ಒಂದು ತಿಂಗಳು ಅವಳ ಫೋನ್ ಎತ್ತಲಿಲ್ಲ. ಸುಳ್ಳು ಬರೀಬೇಡ ಅಂದಿದ್ದಾಳಲ್ಲ, ಅದಕ್ಕೇ ಇದನ್ನೂ ಬರೆದೆ.

ಸವಳು ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನ ಗೆಳೆಯರೂ ಇದನ್ನು ಓದುತ್ತಾರೆ, ಅವರಿಗಾಗಿ ಒಂದೆರಡು ಮಾತು. ತುಂಗಭದ್ರಾ ಡ್ಯಾಮಿನ ನೀರು ಬಂದು ನಮ್ಮ ನೆಲ ಹಸಿರಾಯಿತು, ನಿಜ. ಆದರೆ ಇದು ಎರೆಮಣ್ಣು. ನೀರು ಬೇಗ ಇಳಿಯುವುದಿಲ್ಲ. ವರ್ಷಕ್ಕೆ ಎರಡು ಬೆಳೆ ಭತ್ತ, ಗದ್ದೆ ತುಂಬ ನೀರು ನಿಲ್ಲಿಸಿದ್ದೇ ನಿಲ್ಲಿಸಿದ್ದು. ಬಸಿದು ಹೋಗಲು ದಾರಿಯಿಲ್ಲ. ಕೆಳಗಿನ ನೀರು ಮೇಲೆ ಮೇಲೆ ಬರುತ್ತದೆ, ಮಣ್ಣಿನ ಒಳಗಿನ ಉಪ್ಪನ್ನೂ ಕರಗಿಸಿಕೊಂಡು ಬರುತ್ತದೆ. ಬಿಸಿಲಿಗೆ ನೀರು ಆರಿಹೋಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಬೇಸಿಗೆಯಲ್ಲಿ ನೋಡಿದರೆ ಹೊಲಕ್ಕೆ ಯಾರೋ ಸುಣ್ಣ ಬಳಿದ ಹಾಗೆ ಕಾಣುತ್ತದೆ.

ನಾನು ಕಾಕಾ ಅನ್ನುವ ಹುಲಿಗಿ ಅಪ್ಪನ ಮೂರೂವರೆ ಎಕರೆಯಲ್ಲಿ ಒಂದೂವರೆ ಎಕರೆ ಹಾಗೇ ಬೆಳ್ಳಗಾಗಿತ್ತು. ಕಾಕಾ ಯಾರೋ ಹೇಳಿದರೆಂದು ಜಿಪ್ಸಂ ತಂದು ಹಾಕಿದರು. ಏನೂ ಆಗಲಿಲ್ಲ. ಮರುವರ್ಷ ಜಾಸ್ತಿ ಹಾಕಿದರು. ಆಗಲೂ ಆಗಲಿಲ್ಲ. ಸಾಲ ಮಾತ್ರ ಆಯಿತು. ಬಿಎಸ್ಸಿಯ ಎರಡನೇ ವರ್ಷದಲ್ಲಿ ಮಗಳು ಮಣ್ಣು ಪರೀಕ್ಷೆ ಮಾಡಿಸಿ ಬಂದು ಹೇಳಿದಳು: ಜಿಪ್ಸಂ ಬೇಕಾಗುವುದು ಮಣ್ಣಿಗೆ ಸೋಡಿಯಂ ಹಿಡಿದಾಗ. ನಮ್ಮದು ಬರೀ ಉಪ್ಪು ಏರಿದ ನೆಲ, ಇದಕ್ಕೆ ಒಳ್ಳೆ ನೀರಿನಿಂದ ತೊಳೆದು ಆ ನೀರನ್ನು ಹೊರಗೆ ಬಸಿಯಬೇಕು. ಕಾಕಾ ಸುಮ್ಮನೆ ಕೇಳಿಸಿಕೊಂಡು, "ಇದನ್ನ ಎರಡು ವರ್ಷದ ಹಿಂದ ಹೇಳಿದ್ರ ಆಗ್ತಿತ್ತಲ್ಲವಾ" ಅಂದರಂತೆ. ಎರಡು ವರ್ಷದ ಹಿಂದೆ ಅವಳು ನನ್ನ ಜೊತೆ ಹಾಸ್ಟೆಲ್ಲಿನಲ್ಲಿ ಪಿಯು ಓದುತ್ತಿದ್ದಳು. ಅವಳ ಪಿಎಚ್‌ಡಿ ಶುರುವಾದದ್ದು ರಾಯಚೂರಿನಲ್ಲಿ ಅಲ್ಲ, ಕಾಕಾನ ಆ ಮಾತಿನಲ್ಲಿ ಅಂತ ನನ್ನ ಲೆಕ್ಕ. ಅವಳು ಇದನ್ನು ಒಪ್ಪುವುದಿಲ್ಲ.

ಅವಳ ಕೆಲಸ ನೆಲದೊಳಗೆ ಹೂಳುವ ಪೈಪುಗಳ ಮೇಲೆ. ಸುತ್ತ ತೂತು ಇರುವ ಪೈಪು. ಅದಕ್ಕೆ ಫಿಲ್ಟರ್ ಬಟ್ಟೆ ಸುತ್ತಿ ಸುಮಾರು ಒಂದು ಮೀಟರ್ ಆಳದಲ್ಲಿ ಹಾಕುತ್ತಾರೆ. ಉಪ್ಪು ನೀರು ಅದರೊಳಗೆ ಇಳಿದು ಹಳ್ಳಕ್ಕೆ ಹೋಗುತ್ತದೆ. ಇದು ಅವಳು ಕಂಡುಹಿಡಿದದ್ದಲ್ಲ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ನೆಲದ ಕೆಲಸ ಮೊದಲಿನಿಂದ ನಡೆದಿದೆ. ಪೈಪಿನಿಂದ ಪೈಪಿಗೆ ಎಷ್ಟು ದೂರ ಬಿಟ್ಟರೆ ಸಣ್ಣ ರೈತನಿಗೆ ಖರ್ಚು ಹೊಂದುತ್ತದೆ, ಎಷ್ಟು ಉಪ್ಪು ಇಳಿಯುತ್ತದೆ ಎಂಬುದನ್ನು ಅವಳು ಬೆಳೆಯಿಂದ ಬೆಳೆಗೆ ಅಳೆದಳು. ಎಲ್ಲಾ ಅಷ್ಟೇ, ಅದಕ್ಕಿಂತ ದೊಡ್ಡದು ಮಾಡಿ ಹೇಳಬೇಡ ಅಂತ ಅವಳ ಕಟ್ಟಪ್ಪಣೆ. ಆಯಿತು, ಮಾಡುವುದಿಲ್ಲ. ಆದರೆ ಏಪ್ರಿಲ್ ತಿಂಗಳ ಬಿಸಿಲಲ್ಲಿ ಮೊಣಕಾಲೂರಿ ಆ ಮಣ್ಣು ತೋಡಿ, ಚೀಲ ಕಟ್ಟಿ, ಚೀಟಿ ಅಂಟಿಸಿ, ಟಂಟಂನಲ್ಲಿ ಹೇರಿಕೊಂಡು ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ರಾಯಚೂರು-ಕೊಪ್ಪಳದ ಏಪ್ರಿಲ್ ಹೇಗಿರುತ್ತದೆ ಅಂತ ನಿಮಗೆ ಗೊತ್ತು.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತಲ್ಲ, ಆಗ ಊರಲ್ಲಿ ಯಾರೂ ಸರಿಯಾಗಿ ಮಲಗಿರಲಿಲ್ಲ. ನಾಟಿ ಮಾಡಿದ ಗದ್ದೆ, ತುಂಬಿದ ಡ್ಯಾಮು, ನೀರು ಸುಮ್ನೆ ಹೊಳೆಗೆ ಹೋಗುತ್ತಿತ್ತು. ಅವಳ ಪ್ರಯೋಗದ ಪ್ಲಾಟಿಗೂ ಅದೇ ನೀರು. ನಾನು ಧೈರ್ಯ ಹೇಳೋಣ ಅಂತ ಫೋನ್ ಮಾಡಿದರೆ ಅವಳೇ ನನಗೆ ಹೇಳಿದಳು, "ನೀರಿಲ್ಲಂದ್ರ ನಂದು ಒಂದು ವರ್ಷ ಹೋಗತೈತಿ, ನಾ ಇನ್ನೊಮ್ಮೆ ಮಾಡತೀನಿ. ಅಪ್ಪಂದು ಬೆಳಿ ಹೋದ್ರ ಏನು ಇನ್ನೊಮ್ಮೆ ಮಾಡತಾನ?" ಒಂದು ವಾರದಲ್ಲಿ ಸ್ಟಾಪ್ ಲಾಗ್ ಇಳಿಸಿ ನೀರು ನಿಲ್ಲಿಸಿದರು. ಬೆಳೆಯೂ ಉಳಿಯಿತು, ಪ್ಲಾಟೂ ಉಳಿಯಿತು. ಆದರೆ ಆ ಮಾತು ನನ್ನ ತಲೆಯಿಂದ ಹೋಗಿಲ್ಲ.

ನನ್ನ ಪಾಲು ಎಷ್ಟು ಅಂತ ಯಾರೋ ತಮಾಷೆಗೆ ಕೇಳಿದರು. ಒಂದು ಸಲ ಎರಡು ಸಾವಿರ ರೂಪಾಯಿ ಕೈಗಡ ಕೊಟ್ಟಿದ್ದೆ, ತಿರುಗಿ ಕೊಟ್ಟಳು. ಇನ್ನೊಂದು, ಪ್ರಬಂಧದ ಕನ್ನಡ ಸಾರಾಂಶ ತಿದ್ದಿಕೊಟ್ಟೆ. ನಾನು ಮೇಷ್ಟ್ರಮ್ಮನ ಗತ್ತಿನಲ್ಲಿ 'ಲವಣಯುಕ್ತ ಮೃತ್ತಿಕೆ' ಎಂದು ಬರೆದಿದ್ದೆ. ಅವಳು ಹೊಡೆದು ಹಾಕಿ 'ಸವಳು ಮಣ್ಣು' ಅಂತ ಬರೆದಳು. "ಇದನ್ನ ಅಪ್ಪ ಓದಬೇಕು" ಅಂದಳು. ಕಾಕಾ ಓದಿದರು. ಬೆರಳಿಟ್ಟುಕೊಂಡು, ಒಂದೊಂದೇ ಸಾಲು, ಕಟ್ಟೆ ಮೇಲೆ ಕೂತು. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: ನಮ್ಮ ಹೊಲದ ಉಪ್ಪು ನೀರು ಹಳ್ಳಕ್ಕೆ ಬಿಟ್ಟರೆ, ಹಳ್ಳದ ಕೆಳಗಿನವರು ಏನು ಮಾಡಬೇಕು? ಹುಲಿಗಿ ನಕ್ಕು, ವೈವಾದಲ್ಲೂ ಇದನ್ನೇ ಕೇಳಿದರು ಅಂದಳು. ಕೊನೆಯ ಅಧ್ಯಾಯದಲ್ಲಿ ಅದಕ್ಕೆ ತನ್ನ ಬಳಿ ಪೂರ್ತಿ ಉತ್ತರ ಇಲ್ಲ ಅಂತ ಅವಳೇ ಬರೆದಿದ್ದಾಳೆ. ಪ್ರಬಂಧದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಪುಟ ಅದೇ.

ಅವಳು ಹೇಳಿ ಬರೆಸಿದ ಕೆಲವು ಮಾತುಗಳೂ ಇವೆ. ಬಡತನದಲ್ಲಿ ಒಬ್ಬಳೇ ಹೋರಾಡಿದಳು ಅಂತ ಬರೀಬಾರದಂತೆ. ಹಾಸ್ಟೆಲ್ ಊಟ, ಸ್ಕಾಲರ್‌ಶಿಪ್, ರೈತರ ಕೋಟಾ, 371 ಜೆ ಇಲ್ಲದಿದ್ದರೆ ತಾನು ಇಷ್ಟೊತ್ತಿಗೆ ಯಾವುದೋ ಗದ್ದೆಯಲ್ಲಿ ಕಳೆ ಕೀಳುತ್ತಿದ್ದೆ ಅಂದಳು. ತಿಂಗಳುಗಟ್ಟಲೆ ಫೆಲೋಶಿಪ್ ಬಾರದೆ ಇದ್ದಾಗ ಉದ್ರಿ ಕೊಟ್ಟ ಮೆಸ್ಸಿನ ಅಕ್ಕ, ರಾತ್ರಿ ಲ್ಯಾಬ್ ಬೀಗ ತೆಗೆದುಕೊಟ್ಟ ಅಟೆಂಡರ್ ಅಣ್ಣ, ಪ್ಲಾಟಿನಲ್ಲಿ ಕೂಲಿಗೆ ಬಂದ ನಮ್ಮೂರ ಹೆಣ್ಣುಮಕ್ಕಳು, ಇವರನ್ನು ಬಿಡಬಾರದಂತೆ. ಬಿಟ್ಟಿಲ್ಲ ನೋಡು ಹುಲಿಗಿ. ನಿನ್ನ ಅವ್ವ, ನಮ್ಮ ಚಿಗವ್ವನ ಬಗ್ಗೆ ಮಾತ್ರ ನೀನು ಏನೂ ಹೇಳಲಿಲ್ಲ, ನಿನಗೆ ಗಂಟಲು ಕಟ್ಟಿತು. ಅದನ್ನು ನಾನು ಹೇಳುತ್ತೇನೆ. ಮಗಳ ಮದುವೆ ಯಾವಾಗ ಅಂತ ಬೀಗರು ಪ್ರತಿ ವರ್ಷ ಹುಲಿಗಿ ಊರಿನ ದೇವಿ ಜಾತ್ರೆಯಲ್ಲಿ ಕೇಳುತ್ತಿದ್ದರು. ಚಿಗವ್ವ ಪ್ರತಿ ವರ್ಷ ಒಂದೇ ಉತ್ತರ ಕೊಟ್ಟಳು: "ಆಕಿ ಮಣ್ಣು ಅಳಿಯಾಕತ್ತಾಳ, ಮುಗಿಲಿ." ಏನು ಅಳೆಯುತ್ತಾಳೆ ಅಂತ ಚಿಗವ್ವನಿಗೂ ಗೊತ್ತಿರಲಿಲ್ಲ.

ಇನ್ನೊಂದು ಬರೆಯದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಕಾಲೇಜಿನಲ್ಲಿ ಯಾರೋ ನಿನ್ನ ಹೆಸರು ಕೇಳಿ ನಕ್ಕು, ಗೆಜೆಟ್‌ನಲ್ಲಿ ಬದಲಾಯಿಸಿಕೋ, ಚಂದದ್ದೊಂದು ಇಟ್ಟುಕೋ ಅಂದಿದ್ದರಲ್ಲ. ನೀನು ಬದಲಾಯಿಸಲಿಲ್ಲ. ಪ್ರಬಂಧದ ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ಹುಲಿಗೆಮ್ಮ ಅಂತ ಇದೆ. ನಾನು ಅದರ ಮೇಲೆ ಕೈಯಾಡಿಸಿ ನೋಡಿದೆ. ನಮ್ಮ ಶಾಲೆಯಲ್ಲಿ ಮೂರನೇ ಕ್ಲಾಸಿನಲ್ಲಿ ಇಬ್ಬರು ಹುಲಿಗೆಮ್ಮ ಇದ್ದಾರೆ. ನಾಳೆ ಅವರಿಗೆ ಆ ಫೋಟೋ ತೋರಿಸುತ್ತೇನೆ. ಇಷ್ಟಕ್ಕೆ ನಿನ್ನ ಅಪ್ಪಣೆ ಕೇಳುವುದಿಲ್ಲ.

ಅಭಿನಂದನೆ ಹುಲಿಗಿ. ನನಗೆ ತುಂಬಾ ಹೆಮ್ಮೆ ಆಗಿದೆ. ನಿನಗೆ ಹೆಮ್ಮೆ ಇಲ್ಲ ಅಂತ ನೀನು ಎಷ್ಟು ಹೇಳಿದರೂ, ಘಟಿಕೋತ್ಸವದ ದಿನ ನೀನು ಮೂರು ಸಲ ಕನ್ನಡಿ ನೋಡಿಕೊಂಡದ್ದಕ್ಕೆ ನಾನೇ ಸಾಕ್ಷಿ.

ಊರವರಿಗೆ ಒಂದು ಸೂಚನೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವರ ಮನೆ ಮುಂದೆ ಒಗ್ಗಾಣಿ, ಮಿರ್ಚಿ ಇದೆ. ಎಲ್ಲರೂ ಬನ್ನಿ. ಹಾರ ತರಬೇಡಿ, ಅವಳು ತೆಗೆದು ಎಮ್ಮೆಗೆ ಹಾಕುತ್ತಾಳೆ. ಈಗಾಗಲೇ ನಾಲ್ಕೈದು ಜನ ಕ್ಯಾರಿಬ್ಯಾಗಿನಲ್ಲಿ ಮಣ್ಣು ತಂದು "ನಮ್ಮ ಹೊಲಕ್ಕ ಏನು ಹಾಕಬೇಕವ್ವ" ಅಂತ ಕೇಳಿದ್ದಾರೆ. ನೋಡಿ ಹೇಳಲು ಆಗುವುದಿಲ್ಲ, ಪರೀಕ್ಷೆಗೆ ತಾನೇ ಕಳಿಸಿಕೊಡುತ್ತೇನೆ ಅಂದಿದ್ದಾಳೆ. ತರುವವರು ಹೀಗೆ ತನ್ನಿ: ಹೊಲದಲ್ಲಿ ಎಂಟ್ಹತ್ತು ಕಡೆ ಒಂದು ಗೇಣು ಆಳದವರೆಗೆ ತೆಗೆದು ಎಲ್ಲ ಬೆರೆಸಿ, ನೆರಳಲ್ಲಿ ಆರಿಸಿ, ಅರ್ಧ ಕಿಲೋ ಸಾಕು. ಬದುವಿನ ಪಕ್ಕದ್ದು, ತಿಪ್ಪೆ ಇದ್ದ ಜಾಗದ್ದು ಬೇಡ. ಬೆಳ್ಳಗಾದ ಜಾಗದ ಮಣ್ಣನ್ನು ಬೇರೆ ಚೀಲದಲ್ಲಿ ಕಟ್ಟಿ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ತರಬೇಡಿ, ಲೆಕ್ಕ ತಪ್ಪುತ್ತದೆ. ಚೀಟಿಯ ಮೇಲೆ ಹೆಸರು ದಪ್ಪಗೆ ಬರೆಯಿರಿ, ಓದುವವಳು ನಾನೇ.