ಪ್ಯಾಕೆಟ್ ತಿರುಗಿಸಿ ನೋಡಿ

ನಮಸ್ಕಾರ. ಈ ಬಿಸ್ಕತ್ ಪ್ಯಾಕೆಟ್ ಮೇಲೆ ‘ಆರೋಗ್ಯಕರ’ ಅಂತ ದೊಡ್ಡದಾಗಿ ಬರೆದಿದೆ. ಅದನ್ನು ಬಿಡಿ, ಹಿಂಬದಿ ನೋಡೋಣ.

ಮೊದಲು ‘ಸರ್ವಿಂಗ್ ಸೈಜ್’ ಹುಡುಕಿ. ಒಂದು ಸಲಕ್ಕೆ ಇಷ್ಟು ತಿನ್ನುತ್ತಾರೆ ಅಂತ ಕಂಪನಿ ಹಿಡಿದಿರುವ ಲೆಕ್ಕ ಅದು. ಇಲ್ಲಿ 30 ಗ್ರಾಂ, ಅಂದರೆ ಮೂರೇ ಬಿಸ್ಕತ್. ಪ್ಯಾಕೆಟ್ ತೂಕ 150 ಗ್ರಾಂ. ಅಲ್ಲಿಗೆ ಐದು ಸರ್ವಿಂಗ್ ಆಯಿತು.

ಈಗ ಸಕ್ಕರೆ. ಒಂದು ಸರ್ವಿಂಗ್‌ಗೆ 8 ಗ್ರಾಂ. ಕಡಿಮೆ ಅನ್ನಿಸುತ್ತದೆ, ಅಲ್ವಾ? ಮಾತಾಡುತ್ತಾ ಇಡೀ ಪ್ಯಾಕೆಟ್ ಖಾಲಿ ಮಾಡಿದರೆ 40 ಗ್ರಾಂ. ಒಂದು ಟೀ ಚಮಚಕ್ಕೆ ಸುಮಾರು 4 ಗ್ರಾಂ. ಹತ್ತು ಚಮಚ ತಟ್ಟೆಗೆ ಹಾಕುತ್ತೇನೆ, ನೋಡಿ, ಎಷ್ಟು ದೊಡ್ಡ ಗುಡ್ಡೆ! ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪದಾರ್ಥಗಳ ಪಟ್ಟಿಯನ್ನೂ ಓದಿ. ಜಾಸ್ತಿ ತೂಕದ್ದು ಮೊದಲು ಬರುತ್ತದೆ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್ ಕೂಡ ಸಕ್ಕರೆಯೇ.

ಸಿಹಿ ಬಿಸ್ಕತ್‌ನಲ್ಲಿ ಸೋಡಿಯಂ ಯಾಕೆ ಅಂತೀರಾ? ಉಪ್ಪಿನ ಜೊತೆ ಅಡುಗೆ ಸೋಡಾದಿಂದಲೂ ಬರುತ್ತದೆ. ಇಲ್ಲಿ ಸರ್ವಿಂಗ್‌ಗೆ 120 ಮಿಲಿಗ್ರಾಂ, ಪೂರ್ತಿ ಪ್ಯಾಕೆಟ್‌ಗೆ 600. ಎರಡೂವರೆಯಿಂದ ಗುಣಿಸಿ, ಒಂದೂವರೆ ಗ್ರಾಂ ಉಪ್ಪಿಗೆ ಸಮ. ದೊಡ್ಡವರಿಗೆ ಇಡೀ ದಿನದ ಮಿತಿ 2,000 ಮಿಲಿಗ್ರಾಂ ಸೋಡಿಯಂ, ಊಟದ್ದೂ ಸೇರಿ. ಬಿಪಿ ಇರುವವರು ಈ ಸಾಲನ್ನು ದಯವಿಟ್ಟು ಬಿಡಬೇಡಿ.

ಎರಡು ಬ್ರ್ಯಾಂಡ್ ಹೋಲಿಸುವಾಗ ಸರ್ವಿಂಗ್ ಲೆಕ್ಕ ಬೇಡ, ಅದು ಒಂದೊಂದರಲ್ಲಿ ಒಂದೊಂದು ಥರ. ‘100 ಗ್ರಾಂಗೆ’ ಅನ್ನುವ ಸಾಲನ್ನೇ ಪಕ್ಕಪಕ್ಕ ಇಟ್ಟು ನೋಡಿ.