ಅಂತರ ಕಾಲೇಜು ಉತ್ಸವ 2026, ಧಾರವಾಡ: ಹೊಣೆ ಹಂಚಿಕೆ ಪಟ್ಟಿ

ಉತ್ಸವ: ಫೆಬ್ರವರಿ 6 ಮತ್ತು 7, 2026 (ಶುಕ್ರವಾರ, ಶನಿವಾರ)
ಸ್ಥಳ: ಕಾಲೇಜು ಮೈದಾನದ ಮುಖ್ಯ ವೇದಿಕೆ, ಸಭಾಂಗಣ, ಎರಡು ಸೆಮಿನಾರ್ ಹಾಲ್
ಅಂದಾಜು: 24 ಕಾಲೇಜು, 14 ಸ್ಪರ್ಧೆ, 650 ಸ್ಪರ್ಧಿಗಳು, 110 ಸ್ವಯಂಸೇವಕರು, ಸಂಜೆ ಕಾರ್ಯಕ್ರಮಕ್ಕೆ 1,500 ಜನ
ಬಜೆಟ್: ₹5,80,000

ಪಟ್ಟಿ ಓದುವ ಬಗೆ

ಮಾಡುವವರು ಎಂದರೆ ಓಡಾಡಿ ಕೆಲಸ ಮುಗಿಸುವವರು. ಇಬ್ಬರು ಮೂವರು ಇರಬಹುದು. ಒಪ್ಪುವವರು ಒಂದು ಸಾಲಿಗೆ ಒಬ್ಬರೇ. ಕೆಲಸ ಕೆಟ್ಟರೆ ಉತ್ತರ ಕೊಡಬೇಕಾದವರೂ ಅವರೇ. ಕೇಳಬೇಕಾದವರ ಮಾತನ್ನು ತೀರ್ಮಾನಕ್ಕೆ ಮೊದಲು ಕೇಳಬೇಕು, ಆದರೆ ಅವರ ಸಹಿ ಬೇಕಿಲ್ಲ. ತಿಳಿಸಬೇಕಾದವರಿಗೆ ತೀರ್ಮಾನ ಆದ ದಿನವೇ ಸುದ್ದಿ ಮುಟ್ಟಬೇಕು. ಮುಟ್ಟಿಸುವ ಕೆಲಸ ಮಾಡುವವರದು. "ನಮಗೆ ಯಾರೂ ಹೇಳಲಿಲ್ಲ" ಎಂಬ ದೂರು ಬಂದರೆ ತಪ್ಪು ಅವರದೇ.

ಒಪ್ಪಿಗೆ ಲಿಖಿತವಾಗಿರಬೇಕು: ಕಡತದಲ್ಲಿ ಸಹಿ, ಇಲ್ಲವೇ ಒಪ್ಪುವವರ ಸ್ವಂತ ಫೋನಿನಿಂದ ಸಮಿತಿ ಗುಂಪಿಗೆ ಬಂದ ಸಂದೇಶ. "ಸರ್ ಹೂಂ ಅಂದಾರ" ಎಂಬುದು ಒಪ್ಪಿಗೆಯಲ್ಲ. ಕಡತ ಮುಟ್ಟಿ 48 ಗಂಟೆಯೊಳಗೆ ಒಪ್ಪಿಗೆಯೂ ಬರದೆ, ತಿರಸ್ಕಾರವೂ ಬರದೆ ಇದ್ದರೆ ಉಪ ಪ್ರಾಂಶುಪಾಲರು ತೀರ್ಮಾನಿಸುತ್ತಾರೆ. ಪ್ರಾಂಶುಪಾಲರು ವಿಶ್ವವಿದ್ಯಾಲಯದ ಸಭೆಗೋ ಪರೀಕ್ಷಾ ಕೆಲಸಕ್ಕೋ ಹೋದಾಗ ಪೆಂಡಾಲಿನ ಮುಂಗಡ ನಿಂತು, ಕೊನೆಗೆ ದುಬಾರಿ ದರಕ್ಕೆ ಒಪ್ಪಬೇಕಾಗುತ್ತದೆ. ಅದನ್ನು ತಪ್ಪಿಸಲು ಈ ನಿಯಮ.

1. ಹಣ ಮತ್ತು ಪರವಾನಗಿ

| ಕೆಲಸ | ಗಡುವು | ಮಾಡುವವರು | ಒಪ್ಪುವವರು | ಕೇಳಬೇಕಾದವರು | ತಿಳಿಸಬೇಕಾದವರು |
|---|---|---|---|---|---|
| ಬಜೆಟ್ | ಡಿ. 12 | ಉತ್ಸವ ಸಂಚಾಲಕರು, ವಿದ್ಯಾರ್ಥಿ ಕಾರ್ಯದರ್ಶಿ | ಪ್ರಾಂಶುಪಾಲರು | ಲೆಕ್ಕ ವಿಭಾಗ | ಎಲ್ಲ ತಂಡದ ಮುಖ್ಯಸ್ಥರು |
| ಪ್ರಾಯೋಜಕರ ಜೊತೆ ಕರಾರು | ಜ. 16 | ಪ್ರಚಾರ ತಂಡ | ಪ್ರಾಂಶುಪಾಲರು | ಸಂಚಾಲಕರು, ಲೆಕ್ಕ ವಿಭಾಗ | ವೇದಿಕೆ ತಂಡ |
| ₹2,000ರ ವರೆಗಿನ ಖರ್ಚು | ಆಗಿಂದಾಗ್ಗೆ | ಆಯಾ ತಂಡ | ತಂಡದ ಅಧ್ಯಾಪಕರು | – | ಲೆಕ್ಕ ವಿಭಾಗ |
| ₹2,001ರಿಂದ ₹25,000 | ಆಗಿಂದಾಗ್ಗೆ | ಆಯಾ ತಂಡ | ಸಂಚಾಲಕರು | ಲೆಕ್ಕ ವಿಭಾಗ | ಕಾರ್ಯದರ್ಶಿ |
| ₹25,000 ಮೀರಿದ್ದು (ಮೂರು ಕೊಟೇಶನ್) | ಜ. 9 | ಆಯಾ ತಂಡ | ಪ್ರಾಂಶುಪಾಲರು | ಸಂಚಾಲಕರು, ಲೆಕ್ಕ ವಿಭಾಗ | ಕಾರ್ಯದರ್ಶಿ |
| ಪೊಲೀಸ್ ಅನುಮತಿ, ಧ್ವನಿವರ್ಧಕ ಪರವಾನಗಿ | ಅರ್ಜಿ ಜ. 12, ಪ್ರತಿ ಕೈಗೆ ಜ. 30 | ಶಿಸ್ತು ತಂಡ, ಕಚೇರಿ ಅಧೀಕ್ಷಕರು | ಪ್ರಾಂಶುಪಾಲರು | ವೇದಿಕೆ ತಂಡ | ಎಲ್ಲ ತಂಡಗಳು |
| ಹಾಡು ನುಡಿಸುವ ಹಕ್ಕಿನ ಪರವಾನಗಿ | ಜ. 23 | ವೇದಿಕೆ ತಂಡ | ಸಂಚಾಲಕರು | ಲೆಕ್ಕ ವಿಭಾಗ | ಸ್ಪರ್ಧಾ ತಂಡ |
| ಮಹಾನಗರ ಪಾಲಿಕೆಯಿಂದ ಬ್ಯಾನರ್ ಅನುಮತಿ, ಕಸ ಸಾಗಣೆ | ಜ. 19 | ಪ್ರಚಾರ ತಂಡ | ಸಂಚಾಲಕರು | ಕಚೇರಿ ಅಧೀಕ್ಷಕರು | ಶಿಸ್ತು ತಂಡ |

ಬಜೆಟ್ಟಿನ ಆದಾಯ: ಆಡಳಿತ ಮಂಡಳಿ ₹2,50,000, ಪ್ರಾಯೋಜಕರು ₹2,40,000, ನೋಂದಣಿ 24 × ₹2,500 = ₹60,000, ಮಳಿಗೆ 10 × ₹3,000 = ₹30,000. ಖರ್ಚು: ವೇದಿಕೆ-ಪೆಂಡಾಲ್ ₹1,45,000, ಊಟ ₹1,30,000, ಧ್ವನಿ-ಬೆಳಕು-ಜನರೇಟರ್ ₹1,20,000, ಬಹುಮಾನ ₹84,000, ತೀರ್ಪುಗಾರರು ₹42,000, ಮುದ್ರಣ ₹24,000, ಮೀಸಲು ₹35,000. ಮೀಸಲು ಮುಟ್ಟಬೇಕಾದರೆ ಮೊತ್ತ ಎಷ್ಟೇ ಚಿಕ್ಕದಿರಲಿ, ಪ್ರಾಂಶುಪಾಲರ ಸಹಿ ಬೇಕು.

ಪ್ರಾಯೋಜಕರ ಬಾಯಿಮಾತಿನ ಭರವಸೆ ಆದಾಯವಲ್ಲ. ಜ. 16ರೊಳಗೆ ಕಾಲೇಜಿನ ಖಾತೆಗೆ ₹1,20,000 ಜಮಾ ಆಗದಿದ್ದರೆ ಮೊದಲು ಎಲ್‌ಇಡಿ ಪರದೆ ಬಿಡುವುದು, ಆಮೇಲೆ ಅಲಂಕಾರ. ಊಟಕ್ಕೂ ಬಹುಮಾನಕ್ಕೂ ಕೈ ಹಚ್ಚುವಂತಿಲ್ಲ. ವಿದ್ಯಾರ್ಥಿಗಳ ಸ್ವಂತ ಯುಪಿಐ ಖಾತೆಗೆ ಒಂದು ರೂಪಾಯಿಯನ್ನೂ ಪಡೆಯಕೂಡದು. ಲೆಕ್ಕ ತಾಳೆ ಆಗದೆ ಹುಡುಗರ ಮೇಲೆ ಸುಳ್ಳು ಸಂಶಯ ಹುಟ್ಟುವುದು ಅಲ್ಲಿಂದಲೇ.

2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಶಿಕ್ಷಣ ಸಂಸ್ಥೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಆದ್ದರಿಂದ ನಮ್ಮದೇ ಮೈದಾನ ಎಂದು ಅನುಮತಿ ಬಿಡುವ ಹಾಗಿಲ್ಲ. ಅರ್ಜಿಯಲ್ಲಿ ಸ್ಪೀಕರಿನ ದಿಕ್ಕು, ಮುಗಿಯುವ ಹೊತ್ತು, ಜನಸಂಖ್ಯೆ, ವಾಹನ ನಿಲುಗಡೆಯ ನಕ್ಷೆ ಇರಲಿ. ನಾವು ಬರೆದುಕೊಡುವ ಹೊತ್ತು ರಾತ್ರಿ 9:30.

2. ವೇದಿಕೆ, ಧ್ವನಿ, ವಿದ್ಯುತ್

| ಕೆಲಸ | ಗಡುವು | ಮಾಡುವವರು | ಒಪ್ಪುವವರು | ಕೇಳಬೇಕಾದವರು | ತಿಳಿಸಬೇಕಾದವರು |
|---|---|---|---|---|---|
| ವೇದಿಕೆ (40 × 30 ಅಡಿ, ಎತ್ತರ 4 ಅಡಿ), ಪೆಂಡಾಲ್ | ಫೆ. 4 | ವೇದಿಕೆ ತಂಡ | ಸಂಚಾಲಕರು | ಕಟ್ಟಡ ಮೇಲ್ವಿಚಾರಕರು | ಶಿಸ್ತು ತಂಡ |
| ವೇದಿಕೆಯ ಗಟ್ಟಿತನ ಪರೀಕ್ಷೆ | ಫೆ. 5, ಬೆಳಗ್ಗೆ 10 | ಪೆಂಡಾಲಿನವರು, ವೇದಿಕೆ ತಂಡ | ಕಟ್ಟಡ ಮೇಲ್ವಿಚಾರಕರು | ಜಾನಪದ ನೃತ್ಯದ ಅಧ್ಯಾಪಕರು | ಸಂಚಾಲಕರು |
| ಹೆಸ್ಕಾಂ ತಾತ್ಕಾಲಿಕ ಸಂಪರ್ಕ, ಜನರೇಟರ್ | ಜ. 27 | ವೇದಿಕೆ ತಂಡ | ಸಂಚಾಲಕರು | ಕಾಲೇಜಿನ ಎಲೆಕ್ಟ್ರಿಷಿಯನ್ | ಊಟ ತಂಡ |
| ವೈರಿಂಗ್, ಅರ್ಥಿಂಗ್ ತಪಾಸಣೆ | ಫೆ. 5, ಸಂಜೆ 4 | ಧ್ವನಿ-ಬೆಳಕಿನವರು | ಕಾಲೇಜಿನ ಎಲೆಕ್ಟ್ರಿಷಿಯನ್ | – | ವೇದಿಕೆ, ಶಿಸ್ತು ತಂಡ |

ಎಲೆಕ್ಟ್ರಿಷಿಯನ್ ಹೆಸರು ಒಪ್ಪುವವರ ಕಾಲಮ್ಮಿನಲ್ಲಿ ಇರುವುದು ಬೇಕೆಂದೇ ಮಾಡಿದ್ದು. ಅವರು ಬೇಡ ಎಂದ ಲೈನಿಗೆ ಪ್ರಾಂಶುಪಾಲರು ಹೇಳಿದರೂ ಸ್ವಿಚ್ ಹಾಕಬಾರದು. ತ್ರೀ ಫೇಸ್ ಬೋರ್ಡಿನಲ್ಲಿ ನ್ಯೂಟ್ರಲ್ ಸಡಿಲಾದರೆ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ಏರಿ ಆಂಪ್ಲಿಫೈಯರ್ ಸುಡುತ್ತದೆ. ಆದ್ದರಿಂದ ನ್ಯೂಟ್ರಲ್ ಬಿಗಿತ, ಅರ್ಥಿಂಗ್, ಸೋರಿಕೆ ಬ್ರೇಕರ್ ಮೂರನ್ನೂ ನೋಡಿಯೇ ಸಹಿ.

ಲೋಡಿನ ಲೆಕ್ಕ: ಧ್ವನಿ 12, ಬೆಳಕು 18, ಪರದೆ 8, ಒಟ್ಟು 38 ಕಿಲೋವ್ಯಾಟ್. 62.5 ಕೆವಿಎ ಜನರೇಟರ್ 0.8 ಪವರ್ ಫ್ಯಾಕ್ಟರಿನಲ್ಲಿ 50 ಕಿಲೋವ್ಯಾಟ್ ಎಳೆಯುತ್ತದೆ, ಸಾಕು. ಡೀಸೆಲ್ ಗಂಟೆಗೆ 10ರಿಂದ 12 ಲೀಟರ್. ದಿನಕ್ಕೆ 6 ಗಂಟೆಗೆ 75 ಲೀಟರ್ ಹಿಡಿಯಿರಿ. ಊಟದ ಕಡೆಯ ಗ್ರೈಂಡರನ್ನು ಈ ಲೈನಿಗೆ ಸಿಕ್ಕಿಸಬಾರದು.

ಗಟ್ಟಿತನ ಪರೀಕ್ಷೆಗೆ ಡೊಳ್ಳು ಕುಣಿತದ ನಮ್ಮ ತಂಡ, 16 ಜನ, ಡೊಳ್ಳು ಕಟ್ಟಿಕೊಂಡೇ ಹತ್ತು ನಿಮಿಷ ಕುಣಿಯಬೇಕು. ಸುಮ್ಮನೆ ನಿಂತ ಭಾರಕ್ಕೆ ಜಗ್ಗದ ವೇದಿಕೆ ಒಂದೇ ತಾಳಕ್ಕೆ ಬೀಳುವ ಹೆಜ್ಜೆಗೆ ಅಡ್ಡಡ್ಡ ತೂಗುತ್ತದೆ. ಓರೆ ಪಟ್ಟಿ ಬಿಗಿಯದಿದ್ದರೆ ಹಲಗೆ ಬಾಯಿಬಿಡುತ್ತವೆ.

3. ಸ್ಪರ್ಧೆ ಮತ್ತು ಅತಿಥಿಗಳು

| ಕೆಲಸ | ಗಡುವು | ಮಾಡುವವರು | ಒಪ್ಪುವವರು | ಕೇಳಬೇಕಾದವರು | ತಿಳಿಸಬೇಕಾದವರು |
|---|---|---|---|---|---|
| ನಿಯಮಾವಳಿ | ಡಿ. 19 | ಸ್ಪರ್ಧಾ ತಂಡ | ಸಂಚಾಲಕರು | ಆಯಾ ವಿಷಯದ ಅಧ್ಯಾಪಕರು | 24 ಕಾಲೇಜುಗಳು |
| ವೇಳಾಪಟ್ಟಿ | ಜ. 20 | ಸ್ಪರ್ಧಾ ತಂಡ | ಸಂಚಾಲಕರು | ವೇದಿಕೆ, ಊಟ, ಶಿಸ್ತು ತಂಡ | ಎಲ್ಲ ಕಾಲೇಜುಗಳು |
| ತೀರ್ಪುಗಾರರ ಆಯ್ಕೆ | ಜ. 14 | ಸ್ಪರ್ಧಾ ತಂಡ | ಸಂಚಾಲಕರು | ವಿಭಾಗ ಮುಖ್ಯಸ್ಥರು | ಲೆಕ್ಕ ವಿಭಾಗ |
| ಫಲಿತಾಂಶ | ಸ್ಪರ್ಧೆ ಮುಗಿದು 30 ನಿಮಿಷ | ಅಂಕ ಕೂಡಿಸುವ ಇಬ್ಬರು | ಆ ಸ್ಪರ್ಧೆಯ ಮುಖ್ಯ ತೀರ್ಪುಗಾರರು | – | ನಿರೂಪಕರು, ಪ್ರಮಾಣಪತ್ರ ಮೇಜು |
| ಆಕ್ಷೇಪಣೆ (₹500 ಠೇವಣಿ, 30 ನಿಮಿಷದೊಳಗೆ) | ಅದೇ ದಿನ | ಸ್ಪರ್ಧಾ ತಂಡದ ಅಧ್ಯಾಪಕರು | ಸಂಚಾಲಕರು | ಮುಖ್ಯ ತೀರ್ಪುಗಾರರು | ಆ ಎರಡೂ ಕಾಲೇಜು |
| ಮುಖ್ಯ ಅತಿಥಿ, ಸನ್ಮಾನ | ಜ. 10 | ಕಾರ್ಯದರ್ಶಿ | ಪ್ರಾಂಶುಪಾಲರು | ಆಡಳಿತ ಮಂಡಳಿ | ಶಿಸ್ತು, ವೇದಿಕೆ ತಂಡ |

ಫಲಿತಾಂಶದ ಸಾಲಿನಲ್ಲಿ ಪ್ರಾಂಶುಪಾಲರಾಗಲಿ, ಸಂಚಾಲಕರಾಗಲಿ ಇಲ್ಲ. ಆತಿಥೇಯ ಕಾಲೇಜಿನವರು ಅಂಕಪಟ್ಟಿ ನೋಡಿದರು ಎಂಬ ಮಾತು ಎದ್ದರೆ ಸಾಕು, ತೀರ್ಪು ಸರಿಯಿದ್ದರೂ ಯಾರೂ ನಂಬುವುದಿಲ್ಲ. ಸಮ ಅಂಕ ಬಂದರೆ ಏನು ಮಾಡಬೇಕು ಎಂಬುದು ನಿಯಮಾವಳಿಯಲ್ಲೇ ಇರಬೇಕು.

ವೇಳಾಪಟ್ಟಿಯಲ್ಲಿ ನೋಡಬೇಕಾದವು: ಶುಕ್ರವಾರ ಮಧ್ಯಾಹ್ನ 1ರಿಂದ 2:15ರ ವರೆಗೆ ನಮಾಜಿಗೂ ಊಟಕ್ಕೂ ಬಿಡುವು. ಗದಗ, ಹಾವೇರಿ ತಂಡಗಳ ಗುಂಪು ಸ್ಪರ್ಧೆ ಸಂಜೆ 4ರೊಳಗೆ ಮುಗಿಯಲಿ, ಅವರು ವಾಪಸ್ ಊರು ಮುಟ್ಟಬೇಕು. ಹಿಂದೂಸ್ತಾನಿ ಗಾಯನ ಸಭಾಂಗಣದಲ್ಲಿ ನಡೆಯುವ ಹೊತ್ತಿಗೆ ಮೈದಾನದಲ್ಲಿ ಡೊಳ್ಳು, ಜಗ್ಗಲಿಗೆ ಇರಬಾರದು. ಧಾರವಾಡದಲ್ಲಿ ಈ ತಪ್ಪು ಮಾಡಿದರೆ ಕೇಳುಗರು ಕ್ಷಮಿಸುವುದಿಲ್ಲ. ಜಗ್ಗಲಿಗೆ ಚಕ್ಕಡಿ ಗಾಲಿಯಿಂದ ಮಾಡಿದ್ದು, ಬಾಗಿಲಲ್ಲಿ ಹಿಡಿಯುವುದಿಲ್ಲ. ಅದನ್ನು ಮೈದಾನದ ಹಿಂಬದಿ ಗೇಟಿನಿಂದ ತರಬೇಕು, ಗೇಟಿನ ಕೀಲಿ ಶಿಸ್ತು ತಂಡದಲ್ಲಿ.

ಸನ್ಮಾನಕ್ಕೆ ಹಾವೇರಿ ಏಲಕ್ಕಿ ಹಾರ, ಧಾರವಾಡ ಪೇಢೆ. ಹಾರ ಕೈಯಲ್ಲಿ ಕಟ್ಟುವಂಥದು, ಜ. 20ಕ್ಕೇ ಹೇಳಿಡಬೇಕು. ಪೇಢೆ ಫೆ. 5ರ ಸಂಜೆ ತಂದರೆ ಸಾಕು. ವೇದಿಕೆಗೆ ನವಲಗುಂದ ಜಮಖಾನೆ ಹಾಸುವುದಾದರೆ ಅಂಚಿಗೆ ಟೇಪು ಬೇಕು, ಇಲ್ಲದಿದ್ದರೆ ಅತಿಥಿಗಳ ಕಾಲಿಗೆ ತೊಡರುತ್ತದೆ.

4. ಊಟ, ನೀರು

| ಕೆಲಸ | ಗಡುವು | ಮಾಡುವವರು | ಒಪ್ಪುವವರು | ಕೇಳಬೇಕಾದವರು | ತಿಳಿಸಬೇಕಾದವರು |
|---|---|---|---|---|---|
| ಅಡುಗೆಯವರ ಆಯ್ಕೆ | ಜ. 16 | ಊಟ ತಂಡ | ಪ್ರಾಂಶುಪಾಲರು | ಲೆಕ್ಕ ವಿಭಾಗ | ಶಿಸ್ತು ತಂಡ |
| ಕೊನೆಯ ತಲೆ ಎಣಿಕೆ | ಫೆ. 3 | ಸ್ಪರ್ಧಾ ತಂಡ | ಊಟ ತಂಡದ ಅಧ್ಯಾಪಕರು | – | ಅಡುಗೆಯವರು |
| ಬಡಿಸುವ ಮುಂಚೆ ರುಚಿ ಪರೀಕ್ಷೆ | ದಿನಾ 12 ಗಂಟೆ | ಊಟ ತಂಡ | ಊಟ ತಂಡದ ಅಧ್ಯಾಪಕರು | – | ಪ್ರಥಮ ಚಿಕಿತ್ಸೆ ಮೇಜು |
| ಕುಡಿಯುವ ನೀರು, ಟ್ಯಾಂಕರ್ | ಜ. 28 | ಊಟ ತಂಡ | ಸಂಚಾಲಕರು | ಕಟ್ಟಡ ಮೇಲ್ವಿಚಾರಕರು | ಎಲ್ಲ ತಂಡಗಳು |

ಎರಡು ದಿನಕ್ಕೆ 760 × 2 = 1,520 ಊಟ, ತಲಾ ₹80, ಒಟ್ಟು ₹1,21,600. ಉಳಿದ ₹8,400 ತೀರ್ಪುಗಾರರ ಚಹಾ-ನಾಷ್ಟಾಕ್ಕೆ. ತಲೆಗೆ ಎರಡು ಜೋಳದ ಖಡಕ್ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು ಪಲ್ಲೆ, ಶೇಂಗಾ ಚಟ್ನಿ, ಅನ್ನ, ಸಾರು, ಮಜ್ಜಿಗೆ. ಖಡಕ್ ರೊಟ್ಟಿಯನ್ನು ಹಿಂದಿನ ದಿನವೇ ತರಿಸಬಹುದು. ಬಿಸಿ ರೊಟ್ಟಿಯ ಆಸೆಗೆ ಹೋದರೆ ಸಾಲು ಗಂಟೆಗಟ್ಟಲೆ ನಿಲ್ಲುತ್ತದೆ. ದಿನಕ್ಕೆ ಅಕ್ಕಿ 76 ಕಿಲೊ. ಶೇಂಗಾ ಒಗ್ಗದವರಿಗಾಗಿ ಚಟ್ನಿಯ ಮುಂದೆ ಚೀಟಿ ಇರಲಿ.

ನೀರು: 1,500 ಜನಕ್ಕೆ ತಲಾ ಒಂದೂವರೆ ಲೀಟರ್, 2,250 ಲೀಟರ್, ಅಂದರೆ 20 ಲೀಟರಿನ 113 ಕ್ಯಾನ್, ದಿನಕ್ಕೆ 115 ಹೇಳಿಡಿ. ಶೌಚಾಲಯಕ್ಕೆ ನಳದ ಸರದಿಯನ್ನು ನಂಬಿ ಕೂಡಬಾರದು. ದಿನಕ್ಕೆ 5,000 ಲೀಟರಿನ ಎರಡು ಟ್ಯಾಂಕರ್ ಬೇಕು, ಮೊದಲನೆಯದು ಬೆಳಗ್ಗೆ 7ಕ್ಕೆ.

5. ಸುರಕ್ಷತೆ

| ಕೆಲಸ | ಗಡುವು | ಮಾಡುವವರು | ಒಪ್ಪುವವರು | ಕೇಳಬೇಕಾದವರು | ತಿಳಿಸಬೇಕಾದವರು |
|---|---|---|---|---|---|
| ಗೇಟು, ಗುರುತಿನ ಚೀಟಿ, ನಿಲುಗಡೆ | ಫೆ. 5 | ಎನ್‌ಸಿಸಿ, ಎನ್‌ಎಸ್‌ಎಸ್ | ದೈಹಿಕ ಶಿಕ್ಷಣ ನಿರ್ದೇಶಕರು | ಸಂಚಾರ ಪೊಲೀಸರು | ಎಲ್ಲ ತಂಡಗಳು |
| ಆಂಬುಲೆನ್ಸ್, ಪ್ರಥಮ ಚಿಕಿತ್ಸೆ | ಜ. 30 | ಯುವ ರೆಡ್ ಕ್ರಾಸ್ ತಂಡ | ದೈಹಿಕ ಶಿಕ್ಷಣ ನಿರ್ದೇಶಕರು | ಹತ್ತಿರದ ಆಸ್ಪತ್ರೆ | ನಿರೂಪಕರು |
| ಕಾರ್ಯಕ್ರಮ ನಿಲ್ಲಿಸುವುದು | ತಕ್ಷಣ | ಧ್ವನಿ-ಬೆಳಕಿನವರು | ದೈಹಿಕ ಶಿಕ್ಷಣ ನಿರ್ದೇಶಕರು | – | ಪ್ರಾಂಶುಪಾಲರು, ಪೊಲೀಸರು |
| ಲೈಂಗಿಕ ಕಿರುಕುಳದ ದೂರು | ತಕ್ಷಣ | ಆಂತರಿಕ ದೂರು ಸಮಿತಿಯ ಸದಸ್ಯೆ | ಸಮಿತಿ ಅಧ್ಯಕ್ಷೆ | – | ಯಾರಿಗೂ ಇಲ್ಲ |

ನೂಕುನುಗ್ಗಲಾದಾಗ, ಹೊಗೆ ಕಂಡಾಗ ಯಾರನ್ನೂ ಕೇಳುತ್ತ ನಿಲ್ಲುವ ಹಾಗಿಲ್ಲ. ನಿರ್ದೇಶಕರು ಎರಡೂ ಕೈ ಮೇಲೆತ್ತಿ ಅಡ್ಡ ಹಿಡಿದರೆ ಧ್ವನಿ ಬಂದ್, ಮೈದಾನದ ದೀಪಗಳು ಮಾತ್ರ ಉರಿಯಬೇಕು. ದೀಪವನ್ನೂ ಆರಿಸಿದರೆ ಗಾಬರಿ ಇಮ್ಮಡಿಸುತ್ತದೆ. ಆಮೇಲೆ 112, ಗಾಯವಿದ್ದರೆ 108. ನಿರ್ದೇಶಕರು ಮೈದಾನದಲ್ಲಿ ಇಲ್ಲದ ಹೊತ್ತಿಗೆ ನಿಲ್ಲಿಸುವ ಅಧಿಕಾರ ಎನ್‌ಸಿಸಿ ಅಧಿಕಾರಿಯದು.

ಕಿರುಕುಳದ ದೂರು ಸಮಿತಿ ಗುಂಪಿನಲ್ಲಿ ಬರಕೂಡದು, ಸಂಚಾಲಕರ ಬಳಿ "ರಾಜಿ"ಗೂ ಹೋಗಕೂಡದು. 2013ರ ಕಾಯ್ದೆಯ ಪ್ರಕಾರ ದೂರುದಾರರ ಹೆಸರು ಗುಟ್ಟಾಗಿರಬೇಕು. ಸದಸ್ಯೆಯೊಬ್ಬರು ಎರಡೂ ದಿನ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಇರುತ್ತಾರೆ.

6. ಮುಗಿದ ಮೇಲೆ

| ಕೆಲಸ | ಗಡುವು | ಮಾಡುವವರು | ಒಪ್ಪುವವರು | ಕೇಳಬೇಕಾದವರು | ತಿಳಿಸಬೇಕಾದವರು |
|---|---|---|---|---|---|
| ಮೈದಾನ ಸ್ವಚ್ಛತೆ | ಫೆ. 8, ಮಧ್ಯಾಹ್ನ | ಎನ್‌ಎಸ್‌ಎಸ್, ಪೆಂಡಾಲಿನವರು | ಕಟ್ಟಡ ಮೇಲ್ವಿಚಾರಕರು | – | ಸಂಚಾಲಕರು |
| ಬಾಕಿ ಪಾವತಿ | ಫೆ. 14 | ಲೆಕ್ಕ ವಿಭಾಗ | ಪ್ರಾಂಶುಪಾಲರು | ಆಯಾ ತಂಡ | ಗುತ್ತಿಗೆದಾರರು |
| ಮುಂಗಡ, ಖರ್ಚಿನ ಲೆಕ್ಕ | ಫೆ. 21 | ಎಲ್ಲ ತಂಡಗಳು | ಸಂಚಾಲಕರು | ಲೆಕ್ಕ ವಿಭಾಗ | ಪ್ರಾಂಶುಪಾಲರು, ಪ್ರಾಯೋಜಕರು |

ಮೈದಾನದ ಸಹಿ ಬೀಳುವ ತನಕ ಪೆಂಡಾಲಿನವರ ಕೊನೆಯ ಶೇ. 20 ಹಣ ತಡೆಹಿಡಿಯಲಾಗುವುದು. ಗುಂಡಿ ಮುಚ್ಚದೆ ಮೊಳೆ ಹೆಕ್ಕದೆ ಹೋಗುವುದಕ್ಕೆ ಬೇರೆ ಔಷಧಿಯಿಲ್ಲ. ಬಿಲ್ಲಿಲ್ಲದ ಖರ್ಚಿಗೆ ₹200ರ ವರೆಗೆ ಮಾತ್ರ ವೋಚರ್.

ಪಟ್ಟಿಯಲ್ಲಿ ಹೆಸರು ಬದಲಿಸಬೇಕಾದರೆ ಜ. 25ರ ತನಕ ಸಂಚಾಲಕರ ಸಹಿ ಸಾಕು. ಅದಾದ ಮೇಲೆ, ಬಿಟ್ಟುಹೋಗುವವರು ಮತ್ತು ಬದಲಿಗೆ ಬರುವವರು ಇಬ್ಬರೂ ಒಟ್ಟಿಗೆ ಕೂತು ಕಡತ, ಕೀಲಿ, ಫೋನ್ ನಂಬರುಗಳನ್ನು ಹಸ್ತಾಂತರಿಸಿ ಸಹಿ ಮಾಡಬೇಕು. ಮುದ್ರಿತ ಪ್ರತಿ ಕಚೇರಿ ಫಲಕದಲ್ಲಿ, ವೇದಿಕೆಯ ಹಿಂದೆ ಮತ್ತು ಊಟದ ಪೆಂಡಾಲಿನಲ್ಲಿ ಅಂಟಿಸಿರುತ್ತದೆ.