ಶಿಕ್ಷಣ ಸಾಲದ ಕಂತು ಮರುಹೊಂದಾಣಿಕೆ ಕೋರಿ (ಸಾಲದ ಖಾತೆಯ ಕೊನೆಯ ಅಂಕಿಗಳು 4471)

12 ಸೆಪ್ಟೆಂಬರ್ 2025
ಬೆಂಗಳೂರು

ಶಾಖಾ ವ್ಯವಸ್ಥಾಪಕರಿಗೆ,
ಚಳ್ಳಕೆರೆ ಶಾಖೆ

ನಮಸ್ಕಾರ ಸರ್,

ನಾನು ಚೈತ್ರಾ, ನಿವೃತ್ತ ಕೆಎಸ್‌ಆರ್‌ಟಿಸಿ ಕಂಡಕ್ಟರ್ ತಿಪ್ಪೇಸ್ವಾಮಿ ಅವರ ಮಗಳು. 2020ರಲ್ಲಿ ಬಿಇ ಓದಲು ನಿಮ್ಮ ಶಾಖೆಯಿಂದ 6 ಲಕ್ಷ ರೂಪಾಯಿ ಶಿಕ್ಷಣ ಸಾಲ ತೆಗೆದುಕೊಂಡಿದ್ದೆ. ಅಪ್ಪ ಸಹ ಸಾಲಗಾರರು. ಈ ಸಾಲದ ಅವಧಿಯನ್ನು 15 ವರ್ಷಕ್ಕೆ ವಿಸ್ತರಿಸಿ, ಮುಂದಿನ ಫೆಬ್ರವರಿವರೆಗೆ ಬರೀ ಬಡ್ಡಿ ಕಟ್ಟಲು ಅವಕಾಶ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕೊನೆಯ ವರ್ಷದ ಓದಿನಲ್ಲಿದ್ದಾಗಲೇ, 2023ರ ಅಕ್ಟೋಬರ್‌ನಲ್ಲಿ, ಕ್ಯಾಂಪಸ್ ಸಂದರ್ಶನದಲ್ಲಿ ಒಂದು ಐಟಿ ಕಂಪನಿಗೆ ಆಯ್ಕೆಯಾಗಿ ಆಫರ್ ಲೆಟರ್ ಕೈಗೆ ಬಂದಿತ್ತು. 2024ರ ಜೂನ್‌ನಲ್ಲಿ ಕೋರ್ಸ್ ಮುಗಿಯಿತು. ಸೆಪ್ಟೆಂಬರ್‌ನಲ್ಲಿ ಜಾಯಿನಿಂಗ್ ಅಂದರು, ಆಮೇಲೆ ಡಿಸೆಂಬರ್ ಅಂದರು, ಅದಾದ ಮೇಲೆ ಬಂದ ಮೇಲ್‌ಗಳಲ್ಲಿ ದಿನಾಂಕವೇ ಇರಲಿಲ್ಲ, ಪ್ರಾಜೆಕ್ಟ್ ಬಂದಾಗ ಕರೆಯುತ್ತೇವೆ ಅಂತಷ್ಟೇ ಇತ್ತು. ಕೈಯಲ್ಲಿ ಆಫರ್ ಲೆಟರ್ ಇದೆಯಲ್ಲ ಅಂತ ಬೇರೆ ಕಡೆಯವರು ಹಿಂಜರಿಯುತ್ತಿದ್ದರು, ಹೊಸಬರನ್ನು ತೆಗೆದುಕೊಳ್ಳುವವರೂ ಆಗ ಕಡಿಮೆ. ಊರಲ್ಲೇ ಹೈಸ್ಕೂಲ್ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳಿಕೊಂಡು ಇದ್ದೆ. ಕೊನೆಗೆ ಈ ಸೆಪ್ಟೆಂಬರ್ 1ರಂದು ಬೆಂಗಳೂರಿನ ಬೇರೊಂದು ಸಣ್ಣ ಕಂಪನಿಗೆ ಸೇರಿದ್ದೇನೆ. ಮೊದಲ ಆರು ತಿಂಗಳು ತರಬೇತಿ, ತಿಂಗಳಿಗೆ 22,000. ಮಾರ್ಚ್‌ನಲ್ಲಿ ಖಾಯಂ ಆದರೆ ಕೈಗೆ 28,000 ಬರುತ್ತದೆ.

ಅಷ್ಟರಲ್ಲಿ ಕೋರ್ಸ್ ಮುಗಿದ ಮೇಲಿನ ಒಂದು ವರ್ಷದ ವಿರಾಮ ಜೂನ್‌ಗೆ ಮುಗಿದುಹೋಯಿತು. ಓದುವ ಕಾಲದ ಬಡ್ಡಿಯೆಲ್ಲ ಸೇರಿ ಈಗ ಅಸಲು ಸುಮಾರು 7,96,000. ಅಪ್ಪನ ಆದಾಯ ಆಗ ವರ್ಷಕ್ಕೆ 4.5 ಲಕ್ಷ ದಾಟಿತ್ತು, ಹಾಗಾಗಿ ಕೇಂದ್ರದ ಬಡ್ಡಿ ಸಬ್ಸಿಡಿ ನಮಗೆ ಸಿಗಲಿಲ್ಲ. ಅದರ ಬಗ್ಗೆ ದೂರೇನಿಲ್ಲ, ನಿಯಮ ನಿಯಮವೇ. ಏಳು ವರ್ಷಕ್ಕೆ ಶೇ 10ರ ಬಡ್ಡಿಯಲ್ಲಿ ಕಂತು 13,215 ಅಂತ ನಿಮ್ಮ ವೇಳಾಪಟ್ಟಿಯಲ್ಲಿದೆ. ನನ್ನ 22,000ದಲ್ಲಿ ಪಿಜಿ ಬಾಡಿಗೆ, ಊಟ 8,500, ಬಸ್ಸು ಮೊಬೈಲು ಅಂತ 2,000 ಹೋಗುತ್ತದೆ. ಉಳಿಯುವುದೇ 11,500, ಅದಷ್ಟನ್ನೂ ಕೊಟ್ಟರೂ ಕಂತಿಗೆ ಸಾಲದು. ಅಪ್ಪ ಮೇ ತಿಂಗಳಲ್ಲಿ ನಿವೃತ್ತರಾದರು. ಈಗ ಬರುವುದು ಇಪಿಎಸ್ ಪಿಂಚಣಿ, ಮೂರು ಸಾವಿರ ಚಿಲ್ಲರೆ. ಗ್ರಾಚ್ಯುಟಿ ಇತ್ತಲ್ಲ ಅಂತ ನೀವು ಕೇಳಬಹುದು. ಅದು ಮನೆ ಕಟ್ಟಲು ಮಾಡಿದ್ದ ಸೊಸೈಟಿ ಸಾಲ ತೀರಿಸಲು ಹೋಯಿತು, ಅದರ ರಸೀದಿಯನ್ನೂ ಇದರ ಜೊತೆ ಇಟ್ಟಿದ್ದೇನೆ.

ಮೊನ್ನೆ 8ನೇ ತಾರೀಕು ಸಾಲದ ಖಾತೆಗೆ 13,300 ಕಟ್ಟಿದ್ದೇನೆ. ಅದು ಟ್ಯೂಷನ್ ಹಣ ಮತ್ತು ಅಪ್ಪ ಕೊಟ್ಟಿದ್ದು. ಜುಲೈ, ಆಗಸ್ಟ್ ಎರಡೂ ತಿಂಗಳ ಬಡ್ಡಿ ಅದರಲ್ಲಿ ಬಂತು. ನಿಮ್ಮ ಲೆಕ್ಕದಲ್ಲಿ ಜುಲೈ ಕಂತು ತೀರಿ, ಆಗಸ್ಟ್ 31ರ ಕಂತು ಬಾಕಿ ಇರುತ್ತದೆ. ಹಾಗೇ ಬಿಟ್ಟರೆ ನವೆಂಬರ್ ಕೊನೆಗೆ 90 ದಿನ ದಾಟಿ ಖಾತೆ ಎನ್‌ಪಿಎ ಆಗುತ್ತದೆ. ಅದಕ್ಕಿಂತ ಮುಂಚೆಯೇ ದಾರಿ ಮಾಡಿಕೊಳ್ಳೋಣ ಅಂತ ಈಗಲೇ ಕೇಳುತ್ತಿದ್ದೇನೆ.

ನನ್ನ ಲೆಕ್ಕ ಹೀಗಿದೆ. ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಆರು ತಿಂಗಳು ಬರೀ ಬಡ್ಡಿ, ಅಂದರೆ ತಿಂಗಳಿಗೆ ಸುಮಾರು 6,650 ಕಟ್ಟುತ್ತೇನೆ. ಉಳಿದದ್ದನ್ನು ಮನೆಗೆ ಕಳಿಸಬಹುದು. 2026ರ ಮಾರ್ಚ್‌ನಿಂದ 2040ರ ಜೂನ್‌ವರೆಗೆ 172 ಕಂತು ಮಾಡಿದರೆ ತಿಂಗಳಿಗೆ 8,750ರ ಆಸುಪಾಸಿಗೆ ಬರುತ್ತದೆ. 28,000 ಸಂಬಳದಲ್ಲಿ ಅದು ತಪ್ಪದೆ ಕಟ್ಟುವಂಥ ಮೊತ್ತ. ಹೀಗೆ ಮಾಡಿದರೆ ಒಟ್ಟು ಬಡ್ಡಿ ನಾಲ್ಕು ಲಕ್ಷಕ್ಕೂ ಜಾಸ್ತಿ ಏರುತ್ತದೆ ಅಂತ ಗೊತ್ತು. ಸಂಬಳ ಏರಿದ ಹಾಗೆ ಹೆಚ್ಚುವರಿ ಕಟ್ಟಿ ಬೇಗ ಮುಗಿಸುವ ಯೋಚನೆ ಇದೆ, ಫ್ಲೋಟಿಂಗ್ ದರದ ವೈಯಕ್ತಿಕ ಸಾಲಕ್ಕೆ ಅವಧಿಪೂರ್ವ ಪಾವತಿ ದಂಡ ಇಲ್ಲವಲ್ಲ. ಎರಡು ವರ್ಷದ ನಂತರ ಕಂತನ್ನೇ ಏರಿಸುವ ಷರತ್ತು ಹಾಕಿದರೂ ಒಪ್ಪುತ್ತೇನೆ.

ಐಬಿಎ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಮರುಪಾವತಿಗೆ 15 ವರ್ಷದವರೆಗೂ ಅವಕಾಶವಿದೆ. ಕೆಲಸ ಇಲ್ಲದ ಅಥವಾ ಓದಿಗೆ ತಕ್ಕ ಸಂಬಳ ಸಿಗದ ಕಾಲಕ್ಕೆ ಸಾಲದ ಅವಧಿಯಲ್ಲಿ ಎರಡು ಮೂರು ಸಲ ವಿರಾಮ ಕೊಡುವ ಅವಕಾಶವೂ ಅದರಲ್ಲಿದೆ. ಸಾಧ್ಯವಾದರೆ ನನ್ನ ಕೋರಿಕೆಯನ್ನು ಅದರ ಅಡಿಯಲ್ಲೇ ನೋಡಿ ಸರ್. ಸಿಬಿಲ್ ವರದಿಯಲ್ಲಿ ರೀಸ್ಟ್ರಕ್ಚರ್ ಅಂತ ಬಂದರೆ ಮುಂದೆ ತೊಂದರೆ, ಕೆಲವು ಕಂಪನಿಗಳು ಕೆಲಸಕ್ಕೆ ತೆಗೆದುಕೊಳ್ಳುವಾಗಲೂ ಅದನ್ನು ನೋಡುತ್ತವೆ. ಬೇರೆ ದಾರಿಯೇ ಇಲ್ಲ ಅಂದರೆ, ಸಹಿ ಹಾಕುವ ಮೊದಲು ವರದಿಯಲ್ಲಿ ಏನು ಬರುತ್ತದೆ ಅಂತ ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ.

ಇನ್ನೊಂದು ವಿಷಯ. ಈ ವರ್ಷ ಫೆಬ್ರವರಿಯಿಂದ ಜೂನ್ ಒಳಗೆ ಆರ್‌ಬಿಐ ರೆಪೊ ದರವನ್ನು ಶೇ 6.5ರಿಂದ 5.5ಕ್ಕೆ ಇಳಿಸಿದೆ. ನನ್ನ ಸಾಲವೂ ರೆಪೊಗೆ ಜೋಡಿಸಿದ್ದೇ, ಮೂರು ತಿಂಗಳಿಗೊಮ್ಮೆ ದರ ಬದಲಾಗಬೇಕು. ಸ್ಟೇಟ್‌ಮೆಂಟ್‌ನಲ್ಲಿ ಮಾತ್ರ ಜನವರಿಯಿಂದ ಶೇ 10ರಲ್ಲೇ ನಿಂತಿದೆ. ಒಮ್ಮೆ ಪರಿಶೀಲಿಸಿ. ದರ ಇಳಿದರೆ ಮೇಲಿನ ಕಂತಿನ ಲೆಕ್ಕವೂ ಇಳಿಯುತ್ತದೆ, ಅಲ್ವಾ?

ನಿರ್ಧಾರ ಆಗುವವರೆಗೆ ಅಪ್ಪನ ಖಾತೆಯಿಂದ ತಾನಾಗಿ ಕಡಿತವಾಗುವುದನ್ನು ನಿಲ್ಲಿಸಬೇಕು. ಎರಡು ತಿಂಗಳೂ ಬೌನ್ಸ್ ಆಗಿ ಶುಲ್ಕ ಬಿದ್ದಿದೆ, ಪಿಂಚಣಿ ಬರುವುದೂ ಅದೇ ಖಾತೆಗೆ. ವಸೂಲಿ ವಿಭಾಗದ ಫೋನ್ ನನಗೇ ಬರಲಿ. ಅಪ್ಪನಿಗೆ ಬಿಪಿ ಇದೆ, ಫೋನ್ ಬಂದ ದಿನ ಊಟ ಮಾಡುವುದಿಲ್ಲ.

ಹಳೆಯ ಆಫರ್ ಲೆಟರ್, ಜಾಯಿನಿಂಗ್ ಮುಂದೂಡಿದ ಮೇಲ್‌ಗಳ ಪ್ರತಿ, ಹೊಸ ಕಂಪನಿಯ ನೇಮಕ ಪತ್ರ, ಪದವಿ ಪ್ರಮಾಣಪತ್ರ, ಅಪ್ಪನ ನಿವೃತ್ತಿ ಆದೇಶ ಮತ್ತು ಪಿಂಚಣಿ ಪತ್ರ, ಇಬ್ಬರ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ಸಂಬಳದ ಸ್ಲಿಪ್ ಇನ್ನೂ ಬಂದಿಲ್ಲ, ತಿಂಗಳ ಕೊನೆಗೆ ಕಳಿಸುತ್ತೇನೆ. ಪತ್ರ ತಲುಪಿದ್ದಕ್ಕೆ ಒಂದು ಸ್ವೀಕೃತಿ ಕೊಡಿ. ಒಪ್ಪಿಗೆ ಆಗದಿದ್ದರೆ ಕಾರಣವನ್ನೂ ಬರೆದು ತಿಳಿಸಿ.

20ನೇ ತಾರೀಕು ಮೂರನೇ ಶನಿವಾರ, ಬ್ಯಾಂಕ್ ಇರುತ್ತದೆ. ಅವತ್ತು ಬೆಳಿಗ್ಗೆ ಹತ್ತೂವರೆಗೆ ಅಪ್ಪನ ಜೊತೆ ಶಾಖೆಗೆ ಬರುತ್ತೇನೆ, ಪೂರಕ ಒಪ್ಪಂದಕ್ಕೆ ಇಬ್ಬರ ಸಹಿಯೂ ಬೇಕಾಗುತ್ತದಲ್ಲ. ಸ್ಟಾಂಪ್ ಪೇಪರ್ ಎಷ್ಟರದ್ದು ತರಬೇಕು ಅಂತ ಮೊದಲೇ ತಿಳಿಸಿದರೆ ಅನುಕೂಲ.

ಇಂತಿ,
ಚೈತ್ರಾ ಟಿ.
(ಸಹ ಸಾಲಗಾರರು: ತಿಪ್ಪೇಸ್ವಾಮಿ ಕೆ.)